ಮೇಲೊಂದು ಮಾತು, ಒಳಗೊಂದು ಮಾತು: ಮಿತಭಾಷಿಗಳು ಫ್ಲರ್ಟ್ ಮೆಸೇಜು ಬರೆಯುವ ಕ್ರಮ

ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಎದುರಿಗೆ ಕೂತವರು ಏನೋ ಕೇಳುತ್ತಾರೆ, ಮಿತಭಾಷಿಯ ಬಾಯಿಂದ ಬರುವುದು "ಹೂಂ ರಿ" ಅಷ್ಟೇ. ಸರಿಯಾದ ಉತ್ತರ ಹೊಳೆಯುವುದು ವಾಪಸು ಊರಿಗೆ ಹೋಗುವ ಬಸ್ಸಿನಲ್ಲಿ. ಎದುರು ಮಾತಿನಲ್ಲಿ ಎರಡು ಸೆಕೆಂಡ್ ಸುಮ್ಮನಿದ್ದರೂ ಅದು ಎದ್ದು ಕಾಣುತ್ತದೆ. ಮೆಸೇಜಿನಲ್ಲಿ ಇಪ್ಪತ್ತು ನಿಮಿಷ ಸುಮ್ಮನಿದ್ದರೂ ಯಾರೂ ಲೆಕ್ಕ ಇಡುವುದಿಲ್ಲ. ತಡವಾಗಿ ಹೊಳೆದ ಉತ್ತರ ಅಲ್ಲಿ ಹೊತ್ತಿಗೆ ಸರಿಯಾಗಿಯೇ ಹೋಗಿ ಮುಟ್ಟುತ್ತದೆ.

ಆದರೆ ಸಿಕ್ಕ ಆ ಸಮಯವನ್ನು ಹೆಚ್ಚಿನವರು ತಪ್ಪು ಕಡೆ ಖರ್ಚು ಮಾಡುತ್ತಾರೆ. ವಾಕ್ಯ ತಿದ್ದುತ್ತಾರೆ, ಇನ್ನೊಂದು ಸಾಲು ಸೇರಿಸುತ್ತಾರೆ, ಎಲ್ಲಿಂದಲೋ ಒಂದು ಶಾಯರಿ ಹುಡುಕುತ್ತಾರೆ. ಕೊನೆಗೆ ಹೋಗುವುದು ಯಾರಿಗೆ ಬೇಕಾದರೂ ಕಳಿಸಬಹುದಾದ ಒಂದು ಚಂದದ ಪ್ಯಾರಾ. ಸಮಯ ಖರ್ಚಾಗಬೇಕಾದ್ದು ಎರಡೇ ಕೆಲಸಕ್ಕೆ. ಒಂದು, ಅವರು ಬರೆದದ್ದನ್ನು ಮತ್ತೊಮ್ಮೆ ಓದುವುದು. ಎರಡು, ನಾವು ಬರೆದದ್ದರಲ್ಲಿ ಅರ್ಧ ಅಳಿಸುವುದು.

ಶುರು ಮಾಡುವ ಮೊದಲು ಒಂದು ಷರತ್ತು. ನಂಬರ್ ಅವರೇ ಕೊಟ್ಟಿರಬೇಕು, ಇಲ್ಲವೇ ಕೇಳಿ ಪಡೆದಿರಬೇಕು. ಮದುವೆಯ ಫೋಟೊ ಹಂಚಲು ಮಾಡಿದ ಗ್ರೂಪಿನಿಂದ ನಂಬರ್ ಎತ್ತಿಕೊಂಡು "ಹಾಯ್, ನಾನು ಯಾರು ಹೇಳ್ರಿ ನೋಡೋಣ" ಅಂತ ಬರೆದರೆ ಆಟ ಅಲ್ಲಿಗೇ ಮುಗಿಯಿತು. ಆ ಮೆಸೇಜು ಓದುವವರಿಗೆ ಬರುವುದು ಕುತೂಹಲವಲ್ಲ, "ಇವನಿಗೆ ನನ್ನ ನಂಬರ್ ಯಾರು ಕೊಟ್ಟರು" ಅನ್ನುವ ಪ್ರಶ್ನೆ.

ಒಂದು ಮೆಸೇಜಿನಲ್ಲಿ ಏನೇನಿರಬೇಕು

ಸರಸದ ಮಾತಿಗೆ ಯಾವಾಗಲೂ ಎರಡು ಅರ್ಥ ಇರುತ್ತದೆ. ಮೇಲಿನದು ಸಾದಾ ಮಾತು, ಚ್ಯಾಷ್ಟಿ. ಮನೆಯವರೆದುರು ಓದಿದರೂ ಏನೂ ಆಗುವುದಿಲ್ಲ. ಒಳಗಿನದು "ನಿಮ್ಮ ಜೊತೆ ಇರೋದು ನನಗೆ ಇಷ್ಟ" ಅನ್ನುವ ಸೂಚನೆ. ಓದಿದವರು ಯಾವುದಕ್ಕೆ ಬೇಕೋ ಅದಕ್ಕೆ ಉತ್ತರ ಕೊಡಬಹುದು. ಒಳಮಾತು ಬೇಡವಾದರೆ ಮೇಲ್ಮಾತಿಗೆ ನಕ್ಕು ಸುಮ್ಮನಾಗಬಹುದು, ಯಾರ ಮುಖಕ್ಕೂ ಹೊಡೆದಂತಾಗುವುದಿಲ್ಲ. ಈ ದಾರಿ ಬಿಟ್ಟಿರುವುದರಿಂದಲೇ ಅದು ಸರಸ. ದಾರಿ ಮುಚ್ಚಿದರೆ ಒತ್ತಾಯ.

ಎದುರು ಮಾತಿನಲ್ಲಿ ಮಿತಭಾಷಿಗೆ ಇದು ಕಷ್ಟ, ಯಾಕೆಂದರೆ ದನಿ ನಡುಗಿ ಒಳಮಾತು ಪೂರ್ತಿ ಹೊರಗೆ ಬಂದುಬಿಡುತ್ತದೆ, ಇಲ್ಲವೇ ಬಾಯೊಣಗಿ ಎರಡೂ ಒಳಗೇ ಉಳಿಯುತ್ತವೆ. ಬರೆಯುವಾಗ ಒಳಮಾತು ಎಷ್ಟು ಕಾಣಬೇಕು ಅಂತ ಅಳೆದು ಇಡಬಹುದು. ಬಾಯಿಮಾತಿನವರಿಗೆ ಇಲ್ಲದ ಅನುಕೂಲ ಇದೊಂದೇ, ಆದರೆ ದೊಡ್ಡದು.

ಇಂಥ ಮೆಸೇಜಿಗೆ ಮೂರು ಭಾಗ ಸಾಕು. ಮೊದಲು, ಅವರದೇ ಮಾತಿನಿಂದ ಎತ್ತಿಕೊಂಡ ಒಂದು ಸಣ್ಣ ವಿವರ. ಆಮೇಲೆ ಅದರ ಮೇಲೆ ಹಗುರಾದ ಒಂದು ಚ್ಯಾಷ್ಟಿ. ಕೊನೆಗೆ ಆ ಚಿತ್ರದೊಳಗೆ ನಾವು ಒಂದು ಕಾಲಿಡುವುದು. ಒಟ್ಟು ಎರಡು ಸಾಲು, ಹದಿನೈದು ಇಪ್ಪತ್ತು ಶಬ್ದ. ಅವರ ಮೆಸೇಜಿಗಿಂತ ತುಸು ಉದ್ದವಾದರೆ ಅಡ್ಡಿಯಿಲ್ಲ, ಎರಡು ಪಟ್ಟಾದರೆ ಓದುವವರಿಗೆ ಭಾರ.

ಒಂದು ಉದಾಹರಣೆ, ಮೊದಲಿಂದ

ಗಂಗಾವತಿಯ ಹುಡುಗ, ಬಳ್ಳಾರಿಯ ಹುಡುಗಿ ಅಂತ ಇಟ್ಟುಕೊಳ್ಳಿ. ಸಂಬಂಧಿಕರ ಮದುವೆಯಲ್ಲಿ ಪರಿಚಯ, ಫೋಟೊ ಕಳಿಸುವ ನೆಪದಲ್ಲಿ ನಂಬರ್ ಬದಲಾಗಿದೆ, ವಾರದಿಂದ ಆಗೊಂದು ಈಗೊಂದು ಮೆಸೇಜು ನಡೆದಿದೆ. ಏಪ್ರಿಲ್ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು. ಸಂಜೆ ಅವಳ ಮೆಸೇಜು ಬರುತ್ತದೆ:

"ಇವತ್ತು ಬಿಸಿಲಿಗೆ ಸಾಕಾಗೋಯ್ತು ರೀ. ಆದ್ರೂ ನಾಲ್ಕು ಗಂಟೆಗೆ ಆಫೀಸಿಂದ ಹೊರಗ ಹೋಗಿ ಒಗ್ಗರಣಿ ಮಿರ್ಚಿ ತಿಂದು ಬಂದೆ."

ಮೊದಲು ಹೊಳೆಯುವ ಉತ್ತರ: "ಹೌದ್ರಿ, ಇಲ್ಲೂ ಭಾಳ ಬಿಸಿಲು." ಇದರಲ್ಲಿ ತಪ್ಪೇನಿಲ್ಲ, ಆದರೆ ಇದಕ್ಕೆ ಉತ್ತರವೂ ಇಲ್ಲ. ಓದಿದವರು ಒಂದು ಇಮೋಜಿ ಹಾಕಿ ಮುಗಿಸುತ್ತಾರೆ. ಇದನ್ನು ಬರೆದು ಪಕ್ಕಕ್ಕಿಡಿ.

ಎರಡನೆಯದು, ಧೈರ್ಯ ಮಾಡಿ ಬರೆದದ್ದು: "ನಿಮ್ಮ ನಗು ನೋಡಿದ್ರ ಬಳ್ಳಾರಿ ಬಿಸಿಲೂ ಬೆಳದಿಂಗಳು ಆಗ್ತೈತಿ." ಇಲ್ಲಿ ಮೇಲ್ಮಾತೇ ಇಲ್ಲ, ಬರೀ ಒಳಮಾತು. ವಾರದ ಪರಿಚಯದವರು ಇದಕ್ಕೆ ಏನು ಬರೆಯಬೇಕು? "ಥ್ಯಾಂಕ್ಸ್" ಅಂದರೆ ಒಪ್ಪಿದ ಹಾಗೆ, ಸುಮ್ಮನಿದ್ದರೆ ಬೈದ ಹಾಗೆ. ಇನ್ನೊಂದು ದೋಷವೂ ಇದೆ: ಬಳ್ಳಾರಿ ತೆಗೆದು ರಾಯಚೂರು ಹಾಕಿದರೆ ಇದನ್ನೇ ಮತ್ತೊಬ್ಬರಿಗೂ ಕಳಿಸಬಹುದು. ಅವಳು ಬರೆದದ್ದನ್ನು ಓದಿದ ಗುರುತೇ ಇದರಲ್ಲಿಲ್ಲ.

ಈಗ ಅವಳ ಮೆಸೇಜನ್ನು ಮತ್ತೆ ಓದಬೇಕು. ಬಿಸಿಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವಳೊಬ್ಬಳದೇ ಆದದ್ದು "ಆದ್ರೂ" ಅನ್ನುವ ಶಬ್ದದ ಆಚೆ ಇದೆ. ಆ ಬಿಸಿಲಿನಲ್ಲೂ ಮಿರ್ಚಿಗೋಸ್ಕರ ಹೊರಗೆ ಹೋದಳು, ಹೋಗಿದ್ದನ್ನು ಹೇಳಬೇಕು ಅಂತಲೂ ಅನ್ನಿಸಿದೆ. ಕೊಂಡಿ ಅಲ್ಲಿದೆ. ಮೂರನೆಯ ಕರಡು:

"ಸುಡೋ ಬಿಸಿಲಾಗ ಸುಡೋ ಮಿರ್ಚಿ! ಬಳ್ಳಾರಿಯವರ ಧೈರ್ಯಕ್ಕ ದೊಡ್ಡ ನಮಸ್ಕಾರ. ನಾನಲ್ಲಿ ಇದ್ದಿದ್ರ ಛತ್ರಿ ಹಿಡಕೊಂಡು ಬರ್ತಿದ್ದೆ. ದಿನಾಲೂ ಬೇಕಾದ್ರೂ ಬರ್ತೀನಿ. ಕೂಲಿ ಎರಡು ಮಿರ್ಚಿ ಕೊಟ್ರ ಸಾಕು. ನೀವು ಹೂಂ ಅಂದ್ರ ನಾಳೆನೇ ಬಸ್ ಹತ್ತತೀನಿ."

ಬಂತು, ಆದರೆ ಉದ್ದವಾಯಿತು. ಇಲ್ಲಿಂದ ಕತ್ತರಿಸುವ ಕೆಲಸ. "ದಿನಾಲೂ ಬೇಕಾದ್ರೂ ಬರ್ತೀನಿ" ಒಳಮಾತನ್ನು ಪೂರಾ ಬಿಚ್ಚಿ ಇಡುತ್ತದೆ, ಹೋಗಲಿ. "ನಾಳೆನೇ ಬಸ್ ಹತ್ತತೀನಿ" ಅವಳಿಂದ ಇವತ್ತೇ ಒಂದು ಉತ್ತರ ಬೇಡುತ್ತದೆ, ಅದೂ ಹೋಗಲಿ. "ದೊಡ್ಡ ನಮಸ್ಕಾರ" ಭಾಷಣದ ಮಾತು. ಉಳಿಯುವುದು ಇಷ್ಟು:

"ಸುಡೋ ಬಿಸಿಲಾಗ ಸುಡೋ ಮಿರ್ಚಿ, ಬಳ್ಳಾರಿಯವರೇ ಗಟ್ಟಿ ಬಿಡ್ರಿ. ನಾನಲ್ಲಿ ಇದ್ದಿದ್ರ ಛತ್ರಿ ಹಿಡಿತಿದ್ದೆ. ಕೂಲಿ: ಎರಡು ಮಿರ್ಚಿ."

ಮಿರ್ಚಿ ಅವಳ ವಿವರ. ಗಟ್ಟಿ ಅಂದದ್ದು ಚ್ಯಾಷ್ಟಿ. ಛತ್ರಿ ಹಿಡಿದು ಪಕ್ಕದಲ್ಲಿ ನಡೆಯುವುದು ಒಳಮಾತು. "ಇದ್ದಿದ್ರ" ಅನ್ನುವ ಒಂದೇ ಶಬ್ದ ಅದನ್ನು ಕಲ್ಪನೆಯಲ್ಲಿ ಇಟ್ಟಿದೆ, ಅದಕ್ಕೇ ಭಾರ ಇಲ್ಲ. ಕೂಲಿಯ ಮಾತು ಕೊನೆಗಿರುವುದರಿಂದ ಅವಳ ಉತ್ತರಕ್ಕೆ ಸುಲಭದ ಹಿಡಿಕೆಯೂ ಸಿಕ್ಕಿತು.

ಕಳಿಸುವ ಮುನ್ನ ಒಮ್ಮೆ ಬಾಯಿಬಿಟ್ಟು ಓದಿ. ನಮ್ಮ ಕಡೆಯ ಮಾತಿನಲ್ಲಿ ಸಲೀಸಾಗಿ ಬರಬೇಕು. "ತಮ್ಮ ಮಂದಹಾಸ" ಅಂತ ಬರೆದವನು ಎದುರಿಗೆ ಸಿಕ್ಕಾಗ "ಆರಾಮ ಅದೀರೇನ್ರಿ" ಅಂದರೆ ಬರೆದವನು ಬೇರೆ, ಬಂದವನು ಬೇರೆ ಅನ್ನಿಸುತ್ತದೆ. ಎದುರಿಗೆ ಎಂದೂ ಆಡಲಾರದ ಮಾತನ್ನು ಬರಹದಲ್ಲೂ ಬಿಡುವುದೇ ಒಳ್ಳೆಯದು.

ಉತ್ತರ ಓದುವುದು

ಇಲ್ಲಿಯೂ ಸಮಯ ನಮ್ಮ ಕಡೆ ಇದೆ. ನೋಡಬೇಕಾದ್ದು ಒಂದೇ: ಅವರು ಉತ್ತರ ಕೊಟ್ಟದ್ದು ಯಾವ ಮಾತಿಗೆ?

"ಎರಡು ಮಿರ್ಚಿಗೆ ಗಂಗಾವತಿಯಿಂದ ಬರ್ತೀರಾ? ಬಸ್ ಚಾರ್ಜೇ ಜಾಸ್ತಿ ಆಗುತ್ತಲ್ಲ ರೀ" ಅಂತ ಬಂದರೆ ಅವಳು ಛತ್ರಿಯ ಚಿತ್ರದೊಳಗೆ ಬಂದಳು, ಆಟ ಮುಂದುವರಿಸಿದಳು. ಈಗ ಒಂದು ಹೆಜ್ಜೆ ಇಡಬಹುದು, ಒಂದೇ: "ಬಸ್ ಚಾರ್ಜ್ ನಂದು, ಮಿರ್ಚಿ ನಿಮ್ದು. ಮಾತು ಮಾತ್ರ ಇಬ್ರದೂ." ಇದಾದ ಮೇಲೆ ಎರಡು ಮೂರು ಸಾದಾ ಮೆಸೇಜು ಬರಲಿ. ಆಫೀಸು, ಊಟ, ಅವಳ ತಮ್ಮನ ಪರೀಕ್ಷೆ. ಪ್ರತಿ ಮೆಸೇಜಿನಲ್ಲೂ ಸರಸ ತುರುಕಿದರೆ ಮೂರನೇ ದಿನಕ್ಕೇ ಸಪ್ಪೆಯಾಗುತ್ತದೆ. ನಾಲ್ಕಕ್ಕೊಂದು ಸಾಕು.

"ಹ್ಹ ಹ್ಹ, ಮಿರ್ಚಿ ಮಾತ್ರ ಸೂಪರ್ ಇತ್ತು" ಅಂತ ಬಂದರೆ ಅವಳು ಮೇಲ್ಮಾತಿಗೆ ಮಾತ್ರ ಉತ್ತರ ಕೊಟ್ಟಳು. ಇದು ಇಲ್ಲ ಅಂತಲ್ಲ, ಹೂಂ ಅಂತಲೂ ಅಲ್ಲ. ನೀವೂ ಮಿರ್ಚಿಯಲ್ಲೇ ಉಳಿಯಿರಿ, ಯಾವ ಅಂಗಡಿ ಅಂತ ಕೇಳಿ. ಛತ್ರಿಯನ್ನು ಮತ್ತೆ ಎಳೆದು ತರಬೇಡಿ. ಕೆಲವು ದಿನ ಬಿಟ್ಟು, ಬೇರೆ ವಿವರ ಸಿಕ್ಕಾಗ ಇನ್ನೊಮ್ಮೆ ನೋಡಬಹುದು. ಮೂರು ಸಲ ಒಳಮಾತನ್ನು ದಾಟಿ ಹೋದರೆ ಅದೇ ಉತ್ತರ ಅಂತ ತಿಳಿಯಬೇಕು.

ಹೆಬ್ಬೆರಳಿನ ಇಮೋಜಿ, "ಓಕೆ", "ಹಾಂ", ಎರಡು ದಿನಕ್ಕೊಂದು ಉತ್ತರ, ಒಂದೂ ಮರುಪ್ರಶ್ನೆ ಇಲ್ಲ. ಇವೆಲ್ಲ ಸೇರಿ ಬಂದರೆ ನಿಲ್ಲಿಸುವ ಹೊತ್ತು. ಇನ್ನು ನಮ್ಮ ಕಡೆ ಎಲ್ಲಕ್ಕಿಂತ ಸ್ಪಷ್ಟವಾದ ಬಾಗಿಲು ಮುಚ್ಚುವ ಶಬ್ದ ಒಂದಿದೆ: "ಅಣ್ಣಾ". "ಆಯ್ತಣ್ಣ, ಊಟ ಆಯ್ತಾ ಅಣ್ಣ" ಅಂತ ಬಂದರೆ ಅದರಲ್ಲಿ ಒಳಮಾತು ಹುಡುಕಬೇಡಿ. "ಅಣ್ಣ ಅನ್ನಬ್ಯಾಡ್ರಿ" ಅಂತ ವಾದಕ್ಕಿಳಿಯುವುದು ಇರುವ ಮರ್ಯಾದೆಯನ್ನೂ ಕಳೆಯುವ ಕೆಲಸ. ಹುಡುಗಿಯರು ಬರೆಯುವಾಗ "ತಂಗಿ", "ಅಕ್ಕ" ಅಂತ ಬಂದರೂ ಲೆಕ್ಕ ಅದೇ.

ಬೇಡ ಅಂತ ತಿಳಿದ ಮೇಲೂ ಮತ್ತೆ ಮತ್ತೆ ಬರೆಯುವುದು ಬರೀ ಒರಟುತನ ಅಲ್ಲ. ಹೆಣ್ಣುಮಗಳು ಆಸಕ್ತಿಯಿಲ್ಲ ಅಂತ ಸ್ಪಷ್ಟಪಡಿಸಿದ ಮೇಲೂ ಗಂಡಸು ಪದೇ ಪದೇ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಆ್ಯಪಿನ ಸಣ್ಣ ಸಂಗತಿಗಳು

ಕರಡನ್ನು ಅವರ ಚಾಟಿನಲ್ಲೇ ಬರೆಯಬೇಡಿ. ನೀವು ಬರೆದು ಅಳಿಸಿ ಬರೆಯುತ್ತಿದ್ದರೆ ಆ ಕಡೆ typing… ಅಂತ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕೊನೆಗೆ ಹತ್ತು ಶಬ್ದ ಬಂದಾಗ ಇಷ್ಟಕ್ಕೆ ಇಷ್ಟು ಹೊತ್ತೇ ಅನ್ನಿಸುತ್ತದೆ. ಬೆರಳು ತಪ್ಪಿ ಅರ್ಧ ಕರಡು ಹೋಗುವ ಅಪಾಯ ಬೇರೆ. ವಾಟ್ಸಾಪಿನಲ್ಲಿ ನಿಮ್ಮದೇ ನಂಬರಿಗೆ ಬರೆದುಕೊಳ್ಳುವ Message yourself ಚಾಟ್ ಇದೆ. ಮೂರೂ ಕರಡು ಅಲ್ಲಿ ಹಾಕಿ, ಕತ್ತರಿಸಿ, ಉಳಿದದ್ದನ್ನು ನಕಲು ಮಾಡಿ ಅವರ ಚಾಟಿಗೆ ಅಂಟಿಸಿ. ಅಂಟಿಸುವ ಮುನ್ನ ಮೇಲೆ ಯಾರ ಹೆಸರಿದೆ ಅಂತ ನೋಡಿ. ಮನೆಯ ಗ್ರೂಪಿಗೆ ಹೋದ ಛತ್ರಿ ಮೆಸೇಜನ್ನು ವಿವರಿಸಲು ಯಾರಿಂದಲೂ ಆಗುವುದಿಲ್ಲ.

ಕಳಿಸಿದ ಮೇಲೆ 15 ನಿಮಿಷದೊಳಗೆ ತಿದ್ದಬಹುದು, ಆದರೆ ಪಕ್ಕದಲ್ಲಿ Edited ಅಂತ ಬೀಳುತ್ತದೆ. ಅಕ್ಷರ ತಪ್ಪಿದ್ದರೆ ತಿದ್ದಿ, ಅರ್ಥ ಬದಲಿಸಬೇಡಿ. ಎಲ್ಲರಿಗೂ ಅಳಿಸುವ ಆಯ್ಕೆ ಇನ್ನೂ ಕೆಟ್ಟದ್ದು. ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ, ಅವರು ಅಲ್ಲೇನಿತ್ತು ಅಂತ ಊಹಿಸುತ್ತಾ ಕೂರುತ್ತಾರೆ. ಸಾದಾ ಮಾತೇ ಇದ್ದಿದ್ದರೂ ಊಹೆ ದೊಡ್ಡದಾಗುತ್ತದೆ. ಶಾಯರಿ ಬಗ್ಗೆ ಇಷ್ಟೇ: ಮುಂದಕ್ಕೆ ಕಳಿಸಿದ್ದರ ಮೇಲೆ Forwarded ಅಂತ ಇರುತ್ತದೆ. ನಕಲು ಮಾಡಿ ಅಂಟಿಸಿ ಅದನ್ನು ತಪ್ಪಿಸಿದರೂ, ಅದೇ ಶಾಯರಿ ಅವರ ಗ್ರೂಪಿನಲ್ಲಿ ಆಗಲೇ ಎರಡು ಸಲ ಬಂದು ಹೋಗಿರುತ್ತದೆ.

ಯೋಚಿಸಲು ಸಮಯ ಬೇಕೆಂದರೆ ಮೆಸೇಜು ತೆರೆಯದೆ ನೋಟಿಫಿಕೇಶನಿನಲ್ಲೇ ಓದಿ, ನೀಲಿ ಗುರುತು ಬೀಳುವುದಿಲ್ಲ. Settings > Privacy > Read receipts ಆಫ್ ಮಾಡಿದರೆ ಅವರದೂ ನಿಮಗೆ ಕಾಣುವುದಿಲ್ಲ, ನೆನಪಿರಲಿ. ಹತ್ತು ಇಪ್ಪತ್ತು ನಿಮಿಷ ಯಾರಿಗೂ ಲೆಕ್ಕಕ್ಕಿಲ್ಲ. ಸಂಜೆಯವರೆಗೆ ಹೊಳೆಯಲಿಕ್ಕಿಲ್ಲ ಅನ್ನಿಸಿದರೆ "ಕೆಲಸದಾಗ ಅದೀನ್ರಿ, ಇದಕ್ಕ ಸಂಜಿಗೆ ಸರಿಯಾಗಿ ಉತ್ತರ ಕೊಡ್ತೀನಿ" ಅಂತ ಒಂದು ಸಾಲು ಹಾಕಿ. ಇದು ಸುಳ್ಳೂ ಅಲ್ಲ, ಸಂಜೆಯ ಉತ್ತರಕ್ಕೆ ಕಾಯುವಂತೆಯೂ ಮಾಡುತ್ತದೆ. ಬೇಕೆಂದೇ ತಡ ಮಾಡಿ ಸತಾಯಿಸುವುದು ಬೇರೆ, ಅದು ಓದುವವರಿಗೆ ಗೊತ್ತಾಗಿಯೇ ಆಗುತ್ತದೆ.

ರಾತ್ರಿ ಹತ್ತರ ಮೇಲೆ ಒಳಮಾತಿನ ಮೆಸೇಜು ಬೇಡ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಸಾಲಾಗಿ ಮಲಗುವ ಊರುಗಳಿವು. ಕತ್ತಲಲ್ಲಿ ಒಂದು ಸ್ಕ್ರೀನ್ ಬೆಳಗಿದರೆ ತಂಗಿ, ಅತ್ತಿಗೆ, ಅಜ್ಜಿ ಎಲ್ಲರಿಗೂ ಕಾಣುತ್ತದೆ. ಲಾಕ್ ಇದ್ದರೂ ಮೊದಲ ಸಾಲು ಮೇಲೆ ಬರುವ ಫೋನುಗಳೇ ಹೆಚ್ಚು, ಆದ್ದರಿಂದ ಮೊದಲ ಸಾಲು ಯಾವಾಗಲೂ ಮೇಲ್ಮಾತೇ ಆಗಿರಲಿ; ಮೇಲಿನ ಉದಾಹರಣೆಯಲ್ಲಿ ಮಿರ್ಚಿ ಮುಂದೆ, ಛತ್ರಿ ಹಿಂದೆ ಇರುವುದಕ್ಕೆ ಇದೂ ಒಂದು ಕಾರಣ. ಹುಡುಗಿಯರಿಗೆ ಇನ್ನೊಂದು ಭಯ ಸ್ಕ್ರೀನ್‌ಶಾಟಿನದು, ಅದು ಸುಳ್ಳು ಭಯವೂ ಅಲ್ಲ. ಗೆಳೆಯರ ಗ್ರೂಪಿನಲ್ಲಿ ಹೋಗಿ ಬಿದ್ದರೂ "ಅದರಾಗ ಏನೈತಿ" ಅನ್ನಬಹುದಾದಷ್ಟೇ ಬರೆದರೆ ಆ ಭಯ ಅರ್ಧ ಇಳಿಯುತ್ತದೆ. ಎರಡು ಮಾತಿನ ಮೆಸೇಜು ಇಲ್ಲಿಯೂ ಕೈ ಹಿಡಿಯುತ್ತದೆ.

ರೀ ಬಿಡುವುದು ಯಾವಾಗ

ಬರಹದಲ್ಲಿ ದನಿ ಇಲ್ಲ. ಎದುರಿಗೆ ನಗುತ್ತ "ಸುಮ್ಮನಿರು" ಅಂದರೆ ಸಲಿಗೆ, ಬರೆದರೆ ಬೈಗುಳ. ನಮ್ಮ ಕಡೆ ಈ ಕೊರತೆ ತುಂಬುವುದು "ರಿ". "ಸುಮ್ಮನಿರ್ರಿ", "ಹೋಗ್ರಿ ನಿಮ್ಮ", "ಏನ್ರಿ ನೀವು" ಇವುಗಳಲ್ಲಿ ಚ್ಯಾಷ್ಟಿಯೂ ಇದೆ, ಮರ್ಯಾದೆಯೂ ಇದೆ. ಆದ್ದರಿಂದ ನೀವಿನಿಂದ ನೀನಿಗೆ ಇಳಿಯಲು ಅವಸರ ಮಾಡಬೇಡಿ. ಅವರು ಮೊದಲು ಇಳಿದರೆ ನೀವೂ ಇಳಿಯಿರಿ. ಇಬ್ಬರೂ ಕಾಯುತ್ತ ಕೂತರೆ ಕೇಳಿಯೇ ಬಿಡಬಹುದು, ಅದೇ ಒಂದು ಒಳ್ಳೆಯ ಸರಸ: "ಈ ರೀ ಇನ್ನೆಷ್ಟು ದಿನ ಇಟ್ಟುಕೊಳ್ಳೋದ್ರಿ?" ಉತ್ತರ "ಇರಲಿ ಬಿಡ್ರಿ" ಅಂತ ಬಂದರೆ, ಇರಲಿ.

ಚ್ಯಾಷ್ಟಿ ಮಾಡುವುದು ಅವರು ಆರಿಸಿಕೊಂಡದ್ದರ ಮೇಲೆ ಮಾತ್ರ: ಬಿಸಿಲಲ್ಲಿ ಮಿರ್ಚಿ ತಿಂದದ್ದು, ಒಂದೇ ಸಿನಿಮಾ ಮೂರು ಸಲ ನೋಡಿದ್ದು. ಬಣ್ಣ, ಮೈಕಟ್ಟು, ಮನೆಯವರು, ಪಗಾರ ಇವುಗಳ ಮೇಲಲ್ಲ. ನಗುತ್ತ ಹೇಳಿದರೂ ಚುಚ್ಚುವ ಮಾತು ಬರಹದಲ್ಲಿ ನಗುವಿಲ್ಲದೆ ಹೋಗಿ ಮುಟ್ಟುತ್ತದೆ, ಎಷ್ಟು ಸಲ ಬೇಕಾದರೂ ಮತ್ತೆ ಓದಲು ಸಿಗುತ್ತದೆ.

ಲಿಪಿಯ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದೇ ಎಲ್ಲರ ರೂಢಿ, ಅವರು ಹಾಗೆ ಬರೆದರೆ ನೀವೂ ಬರೆಯಿರಿ. ಆದರೆ ಹೊಗಳುವ ಸಾಲನ್ನಾದರೂ ಕನ್ನಡ ಅಕ್ಷರದಲ್ಲಿ ಹಾಕುವುದು ಕ್ಷೇಮ. "nim halli bhal chenda aiti" ಅಂದರೆ ಅವರ ಹಳ್ಳಿಯೋ ಗೋಡೆ ಮೇಲಿನ ಹಲ್ಲಿಯೋ ಅಂತ ಕೇಳುವವರು ಇದ್ದೇ ಇರುತ್ತಾರೆ.

ಬರಹದಿಂದ ಬಾಯಿಗೆ

ಮಿತಭಾಷಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಬರಹ ಚೆನ್ನಾಗಿ ನಡೆಯುತ್ತಿದೆ ಅಂತ ಅಲ್ಲೇ ಉಳಿದುಬಿಡುತ್ತಾರೆ. ಎರಡು ಮೂರು ತಿಂಗಳು ಬರೀ ಮೆಸೇಜು ನಡೆದರೆ ಆ ಕಡೆಯವರ ಮನಸ್ಸಿನಲ್ಲಿ ಒಬ್ಬ ಚುರುಕು ಮಾತುಗಾರ ಬೆಳೆದು ನಿಂತಿರುತ್ತಾನೆ. ಆಮೇಲೆ ಎದುರಿಗೆ ಹೋಗುವುದು ಮೊದಲಿಗಿಂತ ಕಷ್ಟ. ಒಳಮಾತಿಗೆ ಮೂರ್ನಾಲ್ಕು ಸಲ ಉತ್ತರ ಬಂದ ಮೇಲೆ ತಡ ಮಾಡಬಾರದು.

ನಡುವಿನ ಮೆಟ್ಟಿಲು ದನಿ ಸಂದೇಶ. ಹತ್ತು ಹದಿನೈದು ಸೆಕೆಂಡಿನದು ಸಾಕು. ಕಳಿಸುವ ಮುನ್ನ ಕೇಳಿ ನೋಡಲು ವಾಟ್ಸಾಪಿನಲ್ಲಿ ಅವಕಾಶ ಇದೆ, ಸರಿಯಿಲ್ಲದಿದ್ದರೆ ಅಳಿಸಿ ಮತ್ತೆ ಮಾತಾಡಬಹುದು. ಬರೆದದ್ದನ್ನು ಓದಬೇಡಿ, ಓದಿದ್ದು ಕೇಳಿದವರಿಗೆ ಗೊತ್ತಾಗುತ್ತದೆ. ಒಂದೆರಡು ತೊದಲು ಇರಲಿ. ನೀವು ಮಾತಾಡುವುದು ಹೀಗೆ ಅಂತ ಅವರಿಗೆ ಈಗಲೇ ತಿಳಿಯುವುದು ಒಳ್ಳೆಯದು.

ಆಮೇಲೆ ಫೋನು. ದಿಢೀರ್ ಅಂತ ಮಾಡಬೇಡಿ, ಬರೆದು ಹೊತ್ತು ಗೊತ್ತು ಮಾಡಿ: "ನಾಳೆ ಎಂಟಕ್ಕ ಹತ್ತು ನಿಮಿಷ ಮಾತಾಡೋಣೇನ್ರಿ? ನಾನು ಫೋನಿನ್ಯಾಗ ಕಮ್ಮಿ ಮಾತಾಡ್ತೀನಿ, ಮೊದಲೇ ಹೇಳಿರ್ತೀನಿ." ಹತ್ತು ನಿಮಿಷ ಅಂತ ಮೊದಲೇ ಅಂದಿದ್ದರೆ ಹತ್ತಕ್ಕೆ ಮುಗಿಸಿದರೂ ತಪ್ಪಿಲ್ಲ. ಕಮ್ಮಿ ಮಾತಿನವನು ಅಂತ ಹೇಳಿಕೊಂಡಿದ್ದರೆ ನಡುವಿನ ಮೌನಕ್ಕೂ ಹೆಸರು ಸಿಕ್ಕಿರುತ್ತದೆ.

ಭೇಟಿಯನ್ನೂ ಬರಹದಲ್ಲೇ ಕೇಳಿ, ಅದಕ್ಕೊಂದು ನೆಪ ಇರಲಿ. ನೆಪ ಇದ್ದರೆ ಬೇಡ ಅನ್ನುವುದು ಅವರಿಗೆ ಸುಲಭ, ಹೂಂ ಅಂದರೆ ಮಾತಾಡಲು ವಿಷಯವೂ ಸಿಗುತ್ತದೆ. ಬಳ್ಳಾರಿ, ಗಂಗಾವತಿ ಎರಡೂ ಕಡೆ ಗುರುತಿನವರು ಜಾಸ್ತಿ. ಎರಡೂ ಊರಿನಿಂದ ಹೋಗಿಬರಲು ಹೊಸಪೇಟೆ ಇದೆ, ಬಳ್ಳಾರಿಯಿಂದ ರೈಲೂ ಇದೆ, ತುಂಗಭದ್ರಾ ಜಲಾಶಯದ ಕೆಳಗೆ ಜನ ಓಡಾಡುವ ಉದ್ಯಾನ ಇದೆ. ಜನವರಿಯಾದರೆ ಕೊಪ್ಪಳದ ಗವಿಮಠದ ಜಾತ್ರೆಗಿಂತ ಒಳ್ಳೆಯ ನೆಪ ಬೇಕಿಲ್ಲ. ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಬರುತ್ತೇನೆ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಮೊದಲ ಭೇಟಿಗೆ ಅದು ಒಳ್ಳೆಯದೇ. ಮಿತಭಾಷಿಗೆ ಮೂರನೆಯವರು ಇದ್ದರೆ ಮಾತಿನ ಭಾರವೂ ಹಂಚಿಹೋಗುತ್ತದೆ.

ಕೇಳುವ ಮೆಸೇಜಿಗೂ ಅದೇ ಮೂರು ಭಾಗ, ಜೊತೆಗೆ ಒಂದು ದಿನ, ಒಂದು ಹೊತ್ತು: "ಭಾನುವಾರ ಹೊಸಪೇಟೆಗೆ ಕೆಲಸ ಐತ್ರಿ, ಹನ್ನೊಂದಕ್ಕ ಮುಗೀತೈತಿ. ಬರೋದಾದ್ರ ಛತ್ರಿ ನಾನು ತರ್ತೀನಿ, ಮಿರ್ಚಿ ಬಾಕಿ ನಿಮ್ಮದೈತಿ." ನಿಜವಾಗಿ ಕೆಲಸ ಇದ್ದರೆ ಮಾತ್ರ ಹಾಗೆ ಬರೆಯಿರಿ. ಇಲ್ಲದಿದ್ದರೆ "ಭಾನುವಾರ ಬಿಡುವು ಐತಿ" ಅಂದರೆ ಸಾಕು. ಬರುತ್ತೇನೆ ಅಂದರೆ ಛತ್ರಿ ಮರೆಯದೆ ಒಯ್ಯಿರಿ, ಮೋಡ ಇದ್ದರೂ ಸರಿ.